2,150 ಚದರ ಅಡಿ ಎಲ್ಲಿಂದ ಬಂತು? ಒಂದು ಹಂಚಿನ ಮಾಡಿನ ಕೊಟೇಷನ್ ಲೆಕ್ಕ

ಹೊಸನಗರ ತಾಲ್ಲೂಕಿನ ನಗರದ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ಇದೆ. ಹಳೇ ಮನೆ, ಕಲ್ಲಿನ ಗೋಡೆ, ಹಂಚಿನ ಮಾಡು. ನೆತ್ತಿಯಿಂದ ಸೂರಿಗೆ ಇಳಿಯುವ ಮರದ ಪಕಾಸಿಗಳಿಗೆ ಗೆದ್ದಲು ಹಿಡಿದು ಮಾಡು ಅಲ್ಲಲ್ಲಿ ಕುಸಿಯೋಕೆ ಶುರುವಾಗಿತ್ತು. ಇನ್ನೊಂದು ಮಳೆಗಾಲ ತಡೆಯಲ್ಲ ಅಂತ ಗೊತ್ತಾದಾಗ ಮರ ತೆಗೆದು ಕಬ್ಬಿಣದ ಟ್ರಸ್ ಹಾಕಿ, ಮೇಲೆ ಹೊಸ ಹಂಚು ಹೊದಿಸೋಣ ಅಂತ ತೀರ್ಮಾನ ಮಾಡಿದರು. ಒಬ್ಬ ಕಂಟ್ರಾಕ್ಟರ್ ಬಂದು ನೋಡಿಕೊಂಡು ಹೋಗಿ ಒಂದು ಪುಟದ ಕೊಟೇಷನ್ ಕಳಿಸಿದರು. ಒಟ್ಟು ಮೊತ್ತ 7,22,596 ರೂಪಾಯಿ, ಜಿಎಸ್‌ಟಿ ಬಿಟ್ಟು.

ಚಿಕ್ಕಪ್ಪ ನನಗೆ ಫೋನ್ ಮಾಡಿ, "ನೋಡು ಮಾರಾಯ, ರೇಟೆಲ್ಲ ಸರಿ ಇದೆ ಅಂತ ಪಕ್ಕದ ಮನೆಯವರೂ ಹೇಳ್ತಾರೆ, ಆದ್ರೂ ದುಡ್ಡು ಯಾಕೆ ಇಷ್ಟಾಗ್ತದೆ ಅಂತ ಗೊತ್ತಾಗ್ತಿಲ್ಲ" ಅಂದರು. ನಾನು ಶಿವಮೊಗ್ಗದಲ್ಲಿ ಕಟ್ಟಡ ಕೆಲಸದ ಅಳತೆ ಬರೆಯೋದು, ಬಿಲ್ ತಾಳೆ ನೋಡೋದು ಇದೇ ಕೆಲಸದಲ್ಲಿ ಇರುವವನು. ಕೊಟೇಷನ್ ಕೈಗೆ ಬಂದ ತಕ್ಷಣ ನಾನು ರೇಟ್ ನೋಡಲ್ಲ. ಪ್ರಮಾಣ ನೋಡುತ್ತೇನೆ. ರೇಟನ್ನು ಎಲ್ಲರೂ ನಾಲ್ಕು ಕಡೆ ವಿಚಾರಿಸುತ್ತಾರೆ, ಅದು ಕಂಟ್ರಾಕ್ಟರಿಗೂ ಗೊತ್ತು, ಹಾಗಾಗಿ ಅಲ್ಲಿ ದೊಡ್ಡ ವ್ಯತ್ಯಾಸ ಇರೋದು ಕಡಿಮೆ. ಪ್ರಮಾಣವನ್ನು ಯಾರೂ ಅಳೆದು ನೋಡಲ್ಲ.

ಕೊಟೇಷನ್ ಹೀಗಿತ್ತು. ಟ್ರಸ್, ಪಕಾಸಿ, ಹಂಚು ಕೂರುವ ಅಡ್ಡ ರೀಪು ಎಲ್ಲ ಸೇರಿ ಕಬ್ಬಿಣದ ಕೆಲಸ 2,150 ಚದರ ಅಡಿ, ಅಡಿಗೆ 190 ರೂಪಾಯಿಯಂತೆ 4,08,500. ಹಂಚು 3,548, ಒಂದಕ್ಕೆ 38 ರೂಪಾಯಿಯಂತೆ 1,34,824. ಹಂಚು ಹೊದಿಸುವ ಕೂಲಿ 2,150 ಚದರ ಅಡಿಗೆ 22 ರೂಪಾಯಿಯಂತೆ 47,300. ಹಳೇ ಮಾಡು ಇಳಿಸಿ ಸಾಗಿಸೋದಕ್ಕೆ ಒಟ್ಟಾಗಿ 35,000. ಇಷ್ಟೂ ಕೂಡಿಸಿದರೆ 6,25,624. ಅದರ ಮೇಲೆ ಒಡೆದು, ತುಂಡಾಗಿ ಹೋಗೋದಕ್ಕೆ ಅಂತ ವೇಸ್ಟೇಜ್ 5%, ಬಂದ ಮೊತ್ತದ ಮೇಲೆ ಅನಿರೀಕ್ಷಿತ ಖರ್ಚಿಗೆ ಅಂತ ಕಾಂಟಿಂಜೆನ್ಸಿ 10%.

ಕೂಡೋದು, ಗುಣಿಸೋದರಲ್ಲಿ ಒಂದೂ ತಪ್ಪಿಲ್ಲ. ಕ್ಯಾಲ್ಕುಲೇಟರ್ ಹಿಡಿದು ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಈ 2,150 ಎಲ್ಲಿಂದ ಬಂತು ಅಂತ ಆ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಉದ್ದ ಇಲ್ಲ, ಅಗಲ ಇಲ್ಲ, ಇಳಿಜಾರು ಎಷ್ಟು ಅಂತಲೂ ಇಲ್ಲ.

ಭಾನುವಾರ ಟೇಪು, ನಾಲ್ಕು ಅಡಿಯ ರಸಮಟ್ಟ ತಗೊಂಡು ಹೋದೆ. ಮನೆ ಹೊರಗೋಡೆಯಿಂದ ಹೊರಗೋಡೆಗೆ 40 ಅಡಿ ಉದ್ದ, 28 ಅಡಿ ಅಗಲ. ಸೂರು ನಾಲ್ಕೂ ಕಡೆ 3 ಅಡಿ ಹೊರಗೆ ಚಾಚಿದೆ. ನಮ್ಮ ಕಡೆ ಮಳೆಗೆ ಅಷ್ಟು ಬೇಕೇ ಬೇಕು, ಇಲ್ಲದಿದ್ದರೆ ಎರಚಲು ಗೋಡೆಗೆ ಹೊಡೆಯುತ್ತದೆ. ಹಾಗಾಗಿ ಮಾಡನ್ನು ಮೇಲಿಂದ ಚಪ್ಪಟೆಯಾಗಿ ನೋಡಿದರೆ 46 ಅಡಿಗೆ 34 ಅಡಿ, ಅಂದರೆ 1,564 ಚದರ ಅಡಿ. ಇದು ನೆಲದ ಲೆಕ್ಕ. ಮಾಡು ಇಳಿಜಾರಾಗಿರೋದರಿಂದ ನಿಜವಾದ ವಿಸ್ತೀರ್ಣ ಇದಕ್ಕಿಂತ ಜಾಸ್ತಿ. ಎಷ್ಟು ಜಾಸ್ತಿ ಅನ್ನೋದು ಇಳಿಜಾರಿನ ಮೇಲೆ ನಿಂತಿದೆ.

ಇಳಿಜಾರು ಅಳೆಯೋದು ಕಷ್ಟವೇನಲ್ಲ. ರಸಮಟ್ಟದ ಒಂದು ತುದಿಯನ್ನು ಪಕಾಸಿಗೆ ತಾಗಿಸಿ, ಗುಳ್ಳೆ ಮಧ್ಯಕ್ಕೆ ಬರೋ ಹಾಗೆ ಮಟ್ಟವಾಗಿ ಹಿಡಿಯಬೇಕು, ಇನ್ನೊಂದು ತುದಿಯಿಂದ ಪಕಾಸಿಗೆ ನೆಟ್ಟಗೆ ಎಷ್ಟು ಎತ್ತರ ಅಂತ ಅಳೆಯಬೇಕು. ಹಳೇ ಮಾಡು ಮಧ್ಯದಲ್ಲಿ ಬಗ್ಗಿರುತ್ತದೆ, ಅಲ್ಲಿ ಅಳೆದರೆ ತಪ್ಪು ಸಿಗುತ್ತದೆ. ಅದಕ್ಕೆ ನಾನು ಎರಡೂ ಕೊನೆಯ ಗೋಡೆಗಳ ಹತ್ತಿರ ಅಳೆದೆ. 48 ಇಂಚಿಗೆ 28 ಇಂಚು ಎತ್ತರ. ಅಂದರೆ 12ಕ್ಕೆ 7. ಇನ್ನು ಲೆಕ್ಕ ಇಷ್ಟೇ:

```
√(12² + 7²) = 13.89
13.89 ÷ 12  = 1.1575
17 × 1.1575 = 19.68
```

17 ಅಂದರೆ 34 ಅಡಿ ಅಗಲದ ಅರ್ಧ, ನೆತ್ತಿಯಿಂದ ಸೂರಿನವರೆಗೆ ನೆಲದ ಮೇಲಿನ ದೂರ. ಇಳಿಜಾರಿನ ಮೇಲೆ ಅದು ಸುಮಾರು 19 ಅಡಿ 8 ಇಂಚಾಗುತ್ತದೆ. ಏಣಿ ಹಾಕಿ ಟೇಪು ಹಿಡಿದೂ ನೋಡಿದೆವು, ಅಷ್ಟೇ ಬಂತು. ಎರಡು ಬದಿ, ಒಂದೊಂದು 46 ಅಡಿ ಉದ್ದ. ಒಟ್ಟು 1,810 ಚದರ ಅಡಿ.

ಕೊಟೇಷನ್‌ನಲ್ಲಿ 2,150. ವ್ಯತ್ಯಾಸ 340 ಚದರ ಅಡಿ.

ಇಲ್ಲಿಗೆ ನಿಲ್ಲಿಸಿ ಕಂಟ್ರಾಕ್ಟರ್ ಜೊತೆ ಜಗಳಕ್ಕೆ ಹೋಗಬಹುದಿತ್ತು, ಆದರೆ ಅವರ ಸಂಖ್ಯೆ ಹೇಗೆ ಹುಟ್ಟಿತು ಅಂತ ಗೊತ್ತಿಲ್ಲದೆ ಮಾತಾಡಿದರೆ "ನಿಮ್ಮ ಅಳತೆ ತಪ್ಪು" ಅಂತ ಅವರು, "ನಿಮ್ಮದು ತಪ್ಪು" ಅಂತ ನಾವು, ಅಷ್ಟಕ್ಕೇ ಮುಗಿಯುತ್ತದೆ. ಹಾಗಾಗಿ ನಾನು ಹಿಂದಕ್ಕೆ ಭಾಗಿಸಿ ನೋಡುತ್ತೇನೆ. 2,150ನ್ನು ನೆಲದ ಲೆಕ್ಕದ 1,564ರಿಂದ ಭಾಗಿಸಿದರೆ 1.375 ಬರುತ್ತದೆ. ಈ ಸಂಖ್ಯೆ ನೋಡಿದ ಕೂಡಲೇ ಅನುಮಾನ ಬಂತು, ಯಾಕೆಂದರೆ 1.25ನ್ನು 1.10ರಿಂದ ಗುಣಿಸಿದರೆ ಸರಿಯಾಗಿ 1.375. ಅಂದರೆ ಇಳಿಜಾರಿಗೆ 25% ಸೇರಿಸಿದ್ದಾರೆ, ಆಮೇಲೆ ಅದರ ಮೇಲೆ 10% ವೇಸ್ಟೇಜ್ ಸೇರಿಸಿ, ಬಂದ ಸಂಖ್ಯೆಗೆ "ವಿಸ್ತೀರ್ಣ" ಅಂತ ಹೆಸರಿಟ್ಟಿದ್ದಾರೆ.

1.25 ಅನ್ನೋದು ಸುಳ್ಳು ಸಂಖ್ಯೆಯಲ್ಲ. 12ಕ್ಕೆ 9ರ ಇಳಿಜಾರಿಗೆ ಅದೇ ಬರುತ್ತದೆ, ಮೇಸ್ತ್ರಿಗಳು ಮೂಲೆಮಟ್ಟ ನೋಡೋಕೆ ಬಳಸುವ 3, 4, 5ರ ಲೆಕ್ಕವೇ ಅದು. ಜಾಸ್ತಿ ಮಳೆ ಬೀಳುವ ಕಡೆ ಅಷ್ಟು ಕಡಿದಾದ ಮಾಡೂ ಇರುತ್ತದೆ. ಆದರೆ ಈ ಮನೆಯದು 12ಕ್ಕೆ 7. ಒಂದು ವೇಳೆ ಅವರು ಇಳಿಜಾರನ್ನೇ ಹೆಚ್ಚಿಸಬೇಕು ಅಂತಿದ್ದರೆ? ಅದನ್ನೂ ಕೇಳಬೇಕಿತ್ತು. ಅದರಲ್ಲಿ ಒಂದು ಸೂಕ್ಷ್ಮ ಇದೆ. ಕಬ್ಬಿಣದ ಪೈಪ್ ಅಂಗಡಿಯಲ್ಲಿ 6 ಮೀಟರ್ ಉದ್ದಕ್ಕೆ ಸಿಗುತ್ತದೆ, ಅಂದರೆ 19 ಅಡಿ 8 ಇಂಚು ಚಿಲ್ಲರೆ. ನಮ್ಮ ಇಳಿಜಾರಿಗೆ ಒಂದು ಪೈಪ್ ಒಂದು ಪಕಾಸಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ, ತುಂಡೇ ಉಳಿಯಲ್ಲ. 12ಕ್ಕೆ 9 ಮಾಡಿದರೆ ಪಕಾಸಿ 21 ಅಡಿ 3 ಇಂಚಾಗುತ್ತದೆ. ಆಗ ಪ್ರತಿ ಪಕಾಸಿಗೂ ಒಂದೂವರೆ ಅಡಿಯಷ್ಟು ತುಂಡು ಬೆಸೆಯಬೇಕು, ಬೆಸುಗೆ ಇರುವ ಕಡೆಯೇ ಮೊದಲು ತುಕ್ಕು ಹಿಡಿಯೋದು. ಇಳಿಜಾರು ಬದಲಾದರೆ ವಿಸ್ತೀರ್ಣವಷ್ಟೇ ಅಲ್ಲ, ವೇಸ್ಟೇಜ್ ಕೂಡ ಬದಲಾಗುತ್ತದೆ.

ಇನ್ನು ಹಂಚು. 3,548 ಹೇಗೆ ಬಂತು ಅಂತ ಅದೇ ಥರ ಹಿಂದಕ್ಕೆ ಹೋದರೆ, 2,150 ಚದರ ಅಡಿಗೆ ಒಂದೂವರೆ ಹಂಚಿನಂತೆ 3,225, ಅದಕ್ಕೆ ಮತ್ತೆ 10% ಸೇರಿಸಿ 3,548. ನೂರು ಚದರ ಅಡಿಗೆ ನೂರೈವತ್ತು ಹಂಚು ಅನ್ನೋದು ಬಾಯಿಲೆಕ್ಕ, ಎಷ್ಟೋ ಜನ ಹಾಗೇ ಹೇಳುತ್ತಾರೆ. ಆ ಬಾಯಿಲೆಕ್ಕದಲ್ಲಿ ಒಡೆಯೋದೂ ಸೇರಿರುತ್ತದೆ.

ಹಂಚಿಗೆ ನಾನು ಚದರ ಅಡಿಯನ್ನು ನಂಬಲ್ಲ. ಸಾಲು ಎಣಿಸುತ್ತೇನೆ. ಮಂಗಳೂರು ಹಂಚು ಕೈಯಲ್ಲಿ ಹಿಡಿದಾಗ ದೊಡ್ಡದಾಗೇ ಕಾಣುತ್ತದೆ, ಆದರೆ ಒಂದರ ಮೇಲೊಂದು ಕೂತಾಗ ಮುಚ್ಚುವ ಜಾಗ ಕಡಿಮೆ. ತರಬೇಕು ಅಂತಿದ್ದ ಕಂಪನಿಯ ಹಂಚು ಊರಲ್ಲೇ ಒಂದು ಕೊಟ್ಟಿಗೆಗೆ ಹಾಕಿದ್ದರು. ಅಲ್ಲಿ ಹೋಗಿ ಹತ್ತು ಹಂಚಿನ ಉದ್ದಕ್ಕೆ ಟೇಪು ಹಿಡಿದು ಹತ್ತರಿಂದ ಭಾಗಿಸಿದೆ. ರೀಪಿನಿಂದ ರೀಪಿಗೆ 12.5 ಇಂಚು, ಅಡ್ಡಕ್ಕೆ ಒಂದು ಹಂಚು ಮುಚ್ಚೋದು 8.25 ಇಂಚು. ಒಂದೇ ಹಂಚು ಅಳೆದರೆ ಕಾಲು ಇಂಚು ತಪ್ಪಾದರೂ ಇಡೀ ಮಾಡಿನಲ್ಲಿ ಎರಡು ಸಾಲು ಹೆಚ್ಚು ಕಡಿಮೆ ಆಗುತ್ತದೆ, ಅದಕ್ಕೇ ಹತ್ತು. ನಮ್ಮ ಮಾಡಿನ ಒಂದು ಬದಿ 19 ಅಡಿ 8 ಇಂಚು ಅಂದರೆ 236 ಇಂಚು, ಅಲ್ಲಿಗೆ 19 ಸಾಲು. 46 ಅಡಿ ಉದ್ದಕ್ಕೆ 67 ಹಂಚು. ಒಂದು ಬದಿಗೆ 1,273, ಎರಡು ಬದಿಗೆ 2,546. ಚದರ ಅಡಿಗೆ ಹೋಲಿಸಿದರೆ ಸುಮಾರು 1.4 ಆಗುತ್ತದೆ.

ಕೊಟೇಷನ್‌ಗೂ ಇದಕ್ಕೂ 1,002 ಹಂಚಿನ ವ್ಯತ್ಯಾಸ. ಒಂದು ಸಣ್ಣ ಕೊಟ್ಟಿಗೆಗೆ ಪೂರ್ತಿ ಹೊದಿಸಬಹುದಾದಷ್ಟು.

ಒಡೆಯೋದೇ ಇಲ್ಲ ಅಂತ ನಾನು ಹೇಳಲ್ಲ. ಹಂಚು ಕರಾವಳಿಯಿಂದ ಹುಲಿಕಲ್ ಘಾಟಿ ಹತ್ತಿ ಬರಬೇಕು. ಲಾರಿಯಲ್ಲಿ ಒಂದಷ್ಟು, ಇಳಿಸುವಾಗ ಒಂದಷ್ಟು, ಮೇಲೆ ಕೈಯಿಂದ ಕೈಗೆ ದಾಟಿಸುವಾಗ ಒಂದಷ್ಟು ಹೋಗೇ ಹೋಗುತ್ತದೆ. ಎರಡೇ ಇಳಿಜಾರಿನ ಮಾಡಿಗೆ ನಾನು 5% ಇಡುತ್ತೇನೆ, ಯಾಕೆಂದರೆ ಹಂಚು ಕತ್ತರಿಸುವ ಕೆಲಸ ಕಡಿಮೆ, ಅಂಚಿನಲ್ಲಿ ಒಂದು ಸಾಲು ಅಷ್ಟೇ. ನಾಲ್ಕೂ ಕಡೆ ಇಳಿಜಾರು ಇರುವ ಮಾಡಾಗಿದ್ದರೆ 10% ಕೇಳಿದರೂ ನಾನು ಒಪ್ಪುತ್ತಿದ್ದೆ. ಅಲ್ಲಿ ಮೂಲೆಯ ಓರೆಗೆ ಪ್ರತಿ ಸಾಲಿನಲ್ಲೂ ಹಂಚು ಕತ್ತರಿಸಬೇಕು. ನಾಲ್ಕೂ ಕಡೆ ಒಂದೇ ಇಳಿಜಾರು ಇದ್ದರೆ ಒಟ್ಟು ವಿಸ್ತೀರ್ಣ ಮಾತ್ರ ಎರಡು ಇಳಿಜಾರಿನ ಮಾಡಿನಷ್ಟೇ ಇರುತ್ತದೆ, ಎಷ್ಟೋ ಜನಕ್ಕೆ ಇದು ನಂಬಿಕೆ ಬರಲ್ಲ. ನಮಗೆ 2,546ಕ್ಕೆ 5% ಅಂದರೆ 127 ಸೇರಿಸಿ 2,673. ತರಿಸೋದು 2,700 ಅಂತ ಬರೆದೆ.

ಈಗ ವೇಸ್ಟೇಜ್ ಎಷ್ಟು ಸಲ ಬಂತು ನೋಡಿ. ವಿಸ್ತೀರ್ಣದ ಒಳಗೆ 10%, ಕಾಣದ ಹಾಗೆ. ಹಂಚಿನ ಬಾಯಿಲೆಕ್ಕದಲ್ಲಿ ಸ್ವಲ್ಪ. ಹಂಚಿನ ಸಂಖ್ಯೆಗೆ ಮತ್ತೆ 10%. ಕೊನೆಗೆ ಇಡೀ ಮೊತ್ತದ ಮೇಲೆ 5%. ಅದೆಲ್ಲ ಸೇರಿದ ಮೇಲೆ ಕಾಂಟಿಂಜೆನ್ಸಿ 10%. ಇವು ಒಂದರ ಪಕ್ಕ ಒಂದು ಕೂಡಲ್ಲ, ಒಂದರ ಮೇಲೊಂದು ಗುಣಿಸುತ್ತಾ ಹೋಗುತ್ತವೆ. ಬಾಯಿಲೆಕ್ಕ ಬಿಟ್ಟು ಉಳಿದದ್ದನ್ನು ಗುಣಿಸಿದರೂ 100 ರೂಪಾಯಿಯ ಹಂಚಿಗೆ ಸುಮಾರು 140 ರೂಪಾಯಿ:

```
1.10 × 1.10 × 1.05 × 1.10 = 1.398
```

ಕೂಲಿಗೂ ಇದೇ ಕಥೆ. ಕೂಲಿ ಅನ್ನೋದು ಹೊದಿಸಿದ ಜಾಗಕ್ಕೆ ಕೊಡೋದು, ಅದರಲ್ಲಿ ಒಡೆಯುವಂಥದ್ದು ಏನಿದೆ? ಆದರೂ ವಿಸ್ತೀರ್ಣದ 10%, ಕೊನೆಯ 5%, ಅದರ ಮೇಲಿನ 10% ಸೇರಿ ಕೂಲಿ 27% ಏರಿತ್ತು. ಹಳೇ ಮಾಡು ಇಳಿಸುವ 35,000ಕ್ಕೂ ವೇಸ್ಟೇಜ್ ಬಿದ್ದಿತ್ತು. ವೇಸ್ಟೇಜ್ ಅನ್ನೋದು ಸಾಮಾನಿಗೆ ಮಾತ್ರ, ಅದೂ ಒಂದು ಸಲ, ಆ ಸಾಮಾನಿನ ಸಾಲಿನಲ್ಲೇ ಎದ್ದು ಕಾಣುವ ಹಾಗೆ ಬರೆಯಬೇಕು.

ಕಂಟ್ರಾಕ್ಟರ್ ಜೊತೆ ಕೂತು ಮಾತಾಡಿದೆವು. ಚಿಕ್ಕಮ್ಮ ಎಲ್ಲರಿಗೂ ಕಾಫಿ ಕೊಟ್ಟರು. ನಾನು ಮೊದಲು 1.375ರ ಲೆಕ್ಕ ತೋರಿಸಿ, "ಇಳಿಜಾರು ಹೆಚ್ಚು ಮಾಡ್ತೀರಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಹಾಳೆ ನೋಡಿ, "ಇಲ್ಲ ಸಾರ್, ಇರೋ ಹಾಗೇ ಮಾಡೋದು. ವಿಸ್ತೀರ್ಣ ನಮ್ಮ ಹುಡುಗ ಹಾಕಿದ್ದು, ಅವನು ಎಲ್ಲ ಮನೆಗೂ ಒಂದೂಕಾಲು ಹಾಕ್ತಾನೆ" ಅಂದರು. ಆಮೇಲೆ ಪೂರ್ತಿ ಗೊತ್ತಾಯಿತು. ಹುಡುಗ ವಿಸ್ತೀರ್ಣದಲ್ಲಿ 10% ಸೇರಿಸಿದ್ದ. ಹಂಚಿನ ಅಂಗಡಿಯವರು ಒಡೆಯೋದಕ್ಕೆ ಅಂತ 10% ಸೇರಿಸಿ ಹೇಳಿದ್ದರು. ಕಂಟ್ರಾಕ್ಟರ್ ಕೊನೆಯಲ್ಲಿ ತಮ್ಮ ಅಭ್ಯಾಸದ ಪ್ರಕಾರ 5 ಮತ್ತು 10 ಹಾಕಿದ್ದರು. ಮೂರು ಕೈ, ಒಬ್ಬರು ಸೇರಿಸಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ನಾನು ನೋಡಿರುವ ಕೊಟೇಷನ್‌ಗಳಲ್ಲಿ ಈ ತಪ್ಪು ಹೆಚ್ಚಾಗಿ ಆಗೋದು ಹೀಗೇ. ಮೋಸ ಅಂತ ಮುಖಕ್ಕೆ ಹೇಳಿಬಿಟ್ಟಿದ್ದರೆ ಒಳ್ಳೇ ಕೆಲಸಗಾರರನ್ನು ಕಳೆದುಕೊಳ್ಳುತ್ತಿದ್ದೆವು.

ಕೊಟೇಷನ್‌ನಲ್ಲಿ ಜಾಸ್ತಿ ಇರೋದನ್ನಷ್ಟೇ ಹುಡುಕಿದರೆ ಅರ್ಧ ಕೆಲಸ. ಬಿಟ್ಟು ಹೋಗಿರೋದನ್ನೂ ಹುಡುಕಬೇಕು, ಯಾಕೆಂದರೆ ಅದು ಆಮೇಲೆ "ಎಕ್ಸ್‌ಟ್ರಾ" ಅಂತ ಬಂದೇ ಬರುತ್ತದೆ, ಅಷ್ಟೊತ್ತಿಗೆ ಮಾಡು ತೆರೆದಿರುತ್ತದೆ, ರೇಟ್ ಕೇಳುವ ಸ್ಥಿತಿಯಲ್ಲಿ ನಾವಿರಲ್ಲ. ಇಲ್ಲಿ ಎರಡು ಬಿಟ್ಟು ಹೋಗಿತ್ತು. ಒಂದು, ನೆತ್ತಿಯ ಮೇಲೆ ಕೂರುವ ರಿಡ್ಜ್ ಹಂಚು. 46 ಅಡಿಗೆ, ಒಂದು 15 ಇಂಚು ಮುಚ್ಚುತ್ತದೆ ಅಂದರೆ 37, ಒಡೆಯೋದಕ್ಕೆ 3 ಸೇರಿಸಿ 40. 55 ರೂಪಾಯಿಯಂತೆ 2,200. ಎರಡನೇದು ಬಣ್ಣ. 190 ರೂಪಾಯಿಯಲ್ಲಿ ಏನೇನು ಸೇರಿದೆ ಅಂತ ಒಂದೊಂದಾಗಿ ಕೇಳಿದಾಗ ಪೈಪ್, ಬೆಸುಗೆ, ಕತ್ತರಿಸಿ ಉಳಿಯುವ ತುಂಡು, ನಿಲ್ಲಿಸುವ ಕೂಲಿ ಎಲ್ಲ ಸೇರಿದೆ ಅಂದರು. ಪ್ರೈಮರ್ ಮತ್ತು ಪೇಂಟ್ ಸೇರಿರಲಿಲ್ಲ. ನಗರದ ಮಳೆಗೆ ಬಣ್ಣ ಇಲ್ಲದ ಕಬ್ಬಿಣ ಹಂಚಿನ ಕೆಳಗೆ ಇಡೋದು ಅಂದರೆ ಮರಕ್ಕಿಂತ ಬೇಗ ಹಾಳಾಗುತ್ತದೆ. ಚದರ ಅಡಿಗೆ 12 ರೂಪಾಯಿಯಂತೆ 21,720 ಸೇರಿಸಿದೆವು. ಒಂದು ಕೋಟ್ ಪ್ರೈಮರ್ ಮೇಲೆ ಎತ್ತುವ ಮೊದಲೇ ಹೊಡೆಯಬೇಕು, ಬೆಸುಗೆ ಹಾಕಿದ ಕಡೆ ಮತ್ತೆ ಹೊಡೆಯಬೇಕು ಅಂತಲೂ ಬರೆಸಿದೆವು.

ಹೊಸ ಲೆಕ್ಕ ಹೀಗಾಯಿತು. ಕಬ್ಬಿಣ 3,43,900. ಹಂಚು 1,02,600. ಕೂಲಿ 39,820. ಇಳಿಸಿ ಸಾಗಿಸೋದು 35,000. ಬಿಟ್ಟು ಹೋಗಿದ್ದ ಎರಡೂ ಸೇರಿ ಒಟ್ಟು 5,45,240. ಆಗ ಅವರು, "ಯಜಮಾನ್ರೇ, ವಿಸ್ತೀರ್ಣ ಜಾಸ್ತಿ ಇತ್ತು ಅಂತ ಕೂಲಿಗೆ 22 ಹಾಕಿದ್ದೆ, 1,810ಕ್ಕೆ 22 ನನಗೆ ಗಿಟ್ಟಲ್ಲ, 24 ಕೊಡಿ" ಅಂತ ಚಿಕ್ಕಪ್ಪನ ಹತ್ತಿರ ನೇರವಾಗಿ ಕೇಳಿದರು. ನ್ಯಾಯವಾದ ಮಾತು. ಪ್ರಮಾಣ ಸರಿ ಮಾಡಿದ ಮೇಲೆ ರೇಟ್ ಬಗ್ಗೆ ಮಾತಾಡೋದು ಸುಲಭ, ಯಾಕೆಂದರೆ ಆಗ ಇಬ್ಬರೂ ಒಂದೇ ಸಂಖ್ಯೆ ನೋಡುತ್ತಿರುತ್ತೇವೆ. ಚಿಕ್ಕಪ್ಪ ಒಪ್ಪಿದರು. 3,620 ಹೆಚ್ಚಾಗಿ 5,48,860.

ಉಳಿದದ್ದು ಕಾಂಟಿಂಜೆನ್ಸಿ. ಇದು ವೇಸ್ಟೇಜ್ ಅಲ್ಲ. ವೇಸ್ಟೇಜ್ ಆಗೇ ಆಗುತ್ತದೆ, ಎಷ್ಟು ಅಂತ ಅಂದಾಜೂ ಇರುತ್ತದೆ. ಕಾಂಟಿಂಜೆನ್ಸಿ ಇಡೋದು ಆಗಬಹುದು, ಆಗದೇ ಇರಬಹುದು ಅನ್ನೋದಕ್ಕೆ. ಸರ್ಕಾರಿ ಅಂದಾಜುಪಟ್ಟಿಗಳಲ್ಲೂ ಸಾಮಾನ್ಯವಾಗಿ 3ರಿಂದ 5% ಇಟ್ಟಿರುತ್ತಾರೆ, ಆದರೆ ಆ ಹಣ ಕೆಲಸ ಮಾಡಿಸುವವರ ಕೈಯಲ್ಲಿ ಇರುತ್ತದೆ. ಕೊಟೇಷನ್‌ನ ಒಟ್ಟು ಮೊತ್ತದಲ್ಲಿ ಸೇರಿಬಿಟ್ಟರೆ ಆಗಲಿ, ಆಗದಿರಲಿ ಕೊಡಲೇಬೇಕು.

ಹಾಗಾದರೆ ಎಷ್ಟು ಇಡಬೇಕು? ಸುಮ್ನೆ ಒಂದು ಶೇಕಡಾ ಹೇಳೋ ಬದಲು, ನಮಗೆ ಗೊತ್ತಿಲ್ಲದ್ದು ಏನು ಅಂತ ಕೇಳಿಕೊಂಡೆವು. ಒಂದೇ ಒಂದು ಇತ್ತು. ಹಳೇ ಗೋಡೆಯ ತಲೆ. ಮಾಡು ಇಳಿಸೋವರೆಗೂ ಅದು ಗಟ್ಟಿ ಇದೆಯೋ, ಗಾರೆ ಪುಡಿಯಾಗಿದೆಯೋ ಕಾಣಲ್ಲ, ಟ್ರಸ್ ಭಾರವೆಲ್ಲ ಅದರ ಮೇಲೇ ಕೂರೋದು. ಸುತ್ತಳತೆ 136 ಅಡಿ. ಬಿಚ್ಚಿ ಮತ್ತೆ ಕಟ್ಟಿ ಮೇಲೆ ಕಾಂಕ್ರೀಟ್ ಹಾಕೋದಕ್ಕೆ ಅಡಿಗೆ 350 ರೂಪಾಯಿ ಅಂತ ರೇಟ್ ಅವತ್ತೇ ಮಾತಾಡಿದೆವು. ಇಡೀ ಗೋಡೆ ಹಾಳಾಗಿದ್ದರೂ 47,600, ಅಂದರೆ ಹೊಸ ಮೊತ್ತದ ಸುಮಾರು 8.7%. ಕಂಟ್ರಾಕ್ಟರ್ ಹಾಕಿದ್ದ 10% ಹಳೇ ಮನೆಗೆ ಅಂಥ ದೊಡ್ಡ ತಪ್ಪಲ್ಲ ಅಂತ ಇದರಿಂದ ನನಗೂ ಗೊತ್ತಾಯಿತು. ಇಟ್ಟ ಜಾಗ ತಪ್ಪಾಗಿತ್ತು ಅಷ್ಟೇ. ಚಿಕ್ಕಪ್ಪ 47,600 ತಮ್ಮ ಖಾತೆಯಲ್ಲೇ ಬೇರೆ ಇಟ್ಟರು, ಒಪ್ಪಂದದಲ್ಲಿ "ಅಳತೆ ಮಾಡಿ ಅಡಿ ಲೆಕ್ಕದಲ್ಲಿ ಕೊಡುವುದು" ಅಂತ ಬರೆದರು. ಈ ದಾರಿಗೂ ಒಂದು ಮಿತಿ ಇದೆ. ಏನು ಗೊತ್ತಿಲ್ಲ ಅಂತ ಹೆಸರಿಸೋಕೆ ಆಗುವ ಕೆಲಸಕ್ಕೆ ಇದು ಸರಿ. ತಳಪಾಯ ಅಗೆಯುವಂಥ ಕೆಲಸದಲ್ಲಿ ಕೆಳಗೆ ಬಂಡೆಯೋ, ನೀರೋ, ಮೆತ್ತನೆ ಮಣ್ಣೋ ಅಂತ ಮೂರು ನಾಲ್ಕು ಅನುಮಾನ ಇರುವಾಗ ಶೇಕಡಾ ಲೆಕ್ಕವೇ ಇಡಬೇಕಾಗುತ್ತದೆ.

ಏಪ್ರಿಲ್‌ನಲ್ಲಿ ಮಾಡು ಇಳಿಸಿದರು. ಪಡುವಣ ಗೋಡೆಯ ತಲೆ ಪೂರ್ತಿ ಪುಡಿಯಾಗಿತ್ತು, ಮಳೆ ಹೊಡೆಯೋದೇ ಆ ಕಡೆಯಿಂದ ಅಲ್ವಾ. ಆ ಗೋಡೆ 40 ಅಡಿ, ಮೂಲೆ ತಿರುಗಿ ಇನ್ನೊಂದು 4 ಅಡಿ. ಉಳಿದ ಮೂರು ಕಡೆ ಕಲ್ಲು ಗಟ್ಟಿ ಇತ್ತು. 44 ಅಡಿಗೆ 15,400 ರೂಪಾಯಿ ಕೊಟ್ಟೆವು. ಕೆಲಸ ಮುಗಿದ ಮೇಲೆ ಕಂಟ್ರಾಕ್ಟರ್, ಚಿಕ್ಕಪ್ಪ, ನಾನು ಸೇರಿ ಇನ್ನೊಮ್ಮೆ ಟೇಪು ಹಿಡಿದೆವು, ವಿಸ್ತೀರ್ಣ 1,810ಕ್ಕೇ ಬಂತು. ಕೊನೆಯ ಬಿಲ್ 5,64,260 ರೂಪಾಯಿ.

ಹಂಚು 2,700 ಬಂದಿತ್ತು. ಘಾಟಿಯಲ್ಲಿ, ಇಳಿಸುವಾಗ, ಹೊದಿಸುವಾಗ ಸೇರಿ 83 ಒಡೆಯಿತು. ಉಳಿದ 71ನ್ನು ಚಿಕ್ಕಮ್ಮ ಕೊಟ್ಟಿಗೆ ಹಿಂದೆ ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದಾರೆ. ಮಂಗಗಳು ಹಲಸಿನ ಮರದಿಂದ ಮಾಡಿನ ಮೇಲೆ ಹಾರುವ ಮನೆ ಅದು, ವರ್ಷಕ್ಕೆ ಹತ್ತಾದರೂ ಬೇಕಾಗುತ್ತದೆ.